ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮೊದಲನೆಯದು 1998ರ ಬೇಸಿಗೆ ರಜೆಯ ಫೋಟೋ. ಪಕ್ಕಕ್ಕೆ ಸರಿಸಿ, ಮೊನ್ನೆ ಭಾನುವಾರದ್ದು ಸಿಗುತ್ತದೆ. ಅದೇ ಅಜ್ಜನ ಮನೆ, ಅದೇ ಮೆಟ್ಟಿಲು, ಅದೇ 11 ಜನ. ಆಗ ಮೂರು ಮೆಟ್ಟಿಲಲ್ಲಿ ಹಿಡಿಸಿದ್ದೆವು. ಈಗ ಐದೂ ತುಂಬಿ ಇಬ್ಬರು ನೆಲಕ್ಕೆ ಇಳಿದಿದ್ದಾರೆ. ದಪ್ಪ ಯಾರು ಆಗಿದ್ದಾರೆ ಅನ್ನೋದನ್ನ ಕಾಮೆಂಟಿನಲ್ಲಿ ಬರೆಯಬೇಡಿ. ಆ ಜಗಳ ಅಲ್ಲೇ ಮುಗಿದಿದೆ.

ಹಳೆಯ ಫೋಟೋ ತೆಗೆದದ್ದು ಚಿಕ್ಕಪ್ಪ. ರೀಲಿನಲ್ಲಿ ಇದ್ದದ್ದೇ 36, ಅದರಲ್ಲಿ ನಮ್ಮ ಪಾಲಿಗೆ ಒಂದೇ ಒಂದು. "ಕಣ್ಣು ಮುಚ್ಚಿದ್ರೆ ನಿಮ್ಮ ಹಣೆಬರಹ" ಎಂದು ಹೇಳಿಯೇ ಗುಂಡಿ ಒತ್ತಿದ್ದರು. ನೋಡಿ, ಒಬ್ಬರೂ ರೆಪ್ಪೆ ಮಿಟುಕಿಸಿಲ್ಲ. ಮೊನ್ನೆ ಮೊಬೈಲಿನಲ್ಲಿ ಅರವತ್ತಕ್ಕೂ ಜಾಸ್ತಿ ತೆಗೆದೆವು. ಒಂದರಲ್ಲೂ ಎಲ್ಲರ ಕಣ್ಣು ಒಟ್ಟಿಗೆ ತೆರೆದಿಲ್ಲ. ಇದ್ದುದರಲ್ಲಿ ಇದೇ ವಾಸಿ.

ಹಳೆಯದರಲ್ಲಿ ಬಲತುದಿಗೆ ಅರ್ಧ ಮುಖ ಕಾಣುತ್ತಿದೆಯಲ್ಲ, ಅದು ಪುಟ್ಟಿ. ಆಗ ಅವಳಿಗೆ ನಾಲ್ಕು ವರ್ಷ. ನಾವು ಯಾವ ಆಟ ಶುರು ಮಾಡಿದರೂ ಬಂದು ನಿಲ್ಲುತ್ತಿದ್ದಳು. ಬೇಡ ಅಂದರೆ ಅಳು. ಅಳು ಕೇಳಿಸಿದರೆ ಅಜ್ಜಿ ಹೊರಗೆ ಬಂದು ಎಲ್ಲರಿಗೂ ಸಮನಾಗಿ ಬೈಗುಳ ಹಂಚುತ್ತಿದ್ದರು. ಅದಕ್ಕೆ ದೊಡ್ಡಣ್ಣ ಹುಡುಕಿದ ದಾರಿ, ಪುಟ್ಟಿ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವಳು ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಪಾಪ, ಅವಳು ಅದನ್ನು ಏನೋ ದೊಡ್ಡ ಪದವಿ ಅಂದುಕೊಂಡಿದ್ದಳು. ಮನೆಗೆ ಬಂದವರ ಹತ್ತಿರವೆಲ್ಲ "ನಾನು ಲೆಕ್ಕಕ್ಕಿಲ್ಲ, ಗೊತ್ತಾ?" ಎಂದು ಜಂಭದಿಂದ ಹೇಳಿಕೊಂಡು ತಿರುಗುತ್ತಿದ್ದಳು.

ಈ ಸಲ ನಮ್ಮನ್ನೆಲ್ಲ ಸೇರಿಸಿದವಳು ಅವಳೇ. ನಾಲ್ಕು ವರ್ಷದಿಂದ ಗ್ರೂಪಿನಲ್ಲಿ "ಒಮ್ಮೆ ಸೇರೋಣ ಕಣ್ರೋ" ಅಂತ ಒಬ್ಬರು ಹಾಕೋದು, ಉಳಿದವರು ಹೆಬ್ಬೆರಳು ಒತ್ತೋದು, ಅಲ್ಲಿಗೆ ಮುಗಿಯಿತು. ಪುಟ್ಟಿ ಯಾರನ್ನೂ ಕೇಳಲಿಲ್ಲ. ತಾರೀಕು ಹಾಕಿ, ಕೆಳಗೆ ಒಂದೇ ಸಾಲು ಬರೆದಳು: "ಬರದೇ ಇರೋರು ಕಾರಣ ನನಗೆ ಫೋನ್ ಮಾಡಿ ಹೇಳಬೇಕು." ಒಬ್ಬರಿಗೂ ಧೈರ್ಯ ಬರಲಿಲ್ಲ. ಎರಡು ದಿನ ಮೊದಲೇ ಹೋಗಿ ಬೀಗ ತೆಗೆದು, ಧೂಳು ಹೊಡೆದು, ಯಾರು ಎಲ್ಲಿ ಮಲಗಬೇಕು ಅನ್ನೋದನ್ನೂ ಚೀಟಿ ಬರೆದು ಅಂಟಿಸಿದ್ದಳು. ದೊಡ್ಡಣ್ಣ "ನಾನೇನು ಮಾಡ್ಲಿ?" ಎಂದು ಎದ್ದು ನಿಂತರೆ, "ನೀನು ಸುಮ್ನೆ ಕೂತ್ಕೋ ಅಣ್ಣಾ, ನೀನೀಗ ಲೆಕ್ಕಕ್ಕಿಲ್ಲ" ಅಂದಳು. ಅಷ್ಟು ವರ್ಷದ ಬಾಕಿ, ಬಡ್ಡಿ ಸಮೇತ.

ಮನೆ ಚಿಕ್ಕದಾಗಿದೆ ಅಂತ ಬಂದವರೆಲ್ಲ ಹೇಳಿದರು. ನನಗೆ ಹಾಗೆ ಅನ್ನಿಸಿದ್ದು ಒಂದೇ ಒಂದು ಕಡೆ. ರಾತ್ರಿ ಹಿಂದಿನ ಕೋಣೆಗೆ ಹೋಗಿ ಲೈಟ್ ಹಾಕಲು ನೋಡಿದೆ. ಕೈ ತಾನಾಗಿ ತಲೆಗಿಂತ ಮೇಲೆ ಹೋಗಿ ಬರಿ ಗೋಡೆ ತಡಕಿತು. ಸ್ವಿಚ್ಚು ಇರೋದು ಎದೆಯ ಮಟ್ಟಕ್ಕೆ. ನನ್ನ ಕೈಗೆ ಇನ್ನೂ ಎಂಟು ವರ್ಷ.

ಅಜ್ಜಿ ಹೋಗಿ ಆರು ವರ್ಷವಾಯಿತು. ಆದರೂ ಮಧ್ಯಾಹ್ನ ಅವರ ಕೋಣೆಯ ಬಾಗಿಲು ದಾಟುವಾಗ ಎಲ್ಲರ ದನಿಯೂ ತಗ್ಗುತ್ತಿತ್ತು. ಮಲಗಿದ್ದಾರೆ, ಎಬ್ಬಿಸಬಾರದು. ಯಾರೂ ಅದನ್ನ ಬಾಯಿಬಿಟ್ಟು ಹೇಳಲಿಲ್ಲ.

ಇನ್ನು ಭಾನುವಾರದ ಫೋಟೋದಲ್ಲಿ ಒಬ್ಬನ ಮುಖ ಯಾಕೆ ಹಾಗಿದೆ ಎಂದು ಆಗಲೇ ಮೂವರು ಕೇಳಿದ್ದಾರೆ. ಹೇಳಿಬಿಡುತ್ತೇನೆ. ಶನಿವಾರ ರಾತ್ರಿ ಕಣ್ಣಾಮುಚ್ಚಾಲೆ ಆಡೋಣ ಅಂತ ಗುಂಡ ಹಟ ಹಿಡಿದ. ಮಂಡಿ ನೋವು, ಸೊಂಟ ನೋವು ಎಂದು ಗೊಣಗುತ್ತಲೇ ಎಲ್ಲರೂ ಎದ್ದೆವು. ನೂರರವರೆಗೆ ಎಣಿಸುವ ಸರದಿ ನನ್ನದು. ಐದೇ ನಿಮಿಷದಲ್ಲಿ ಒಂಬತ್ತು ಜನ ಸಿಕ್ಕಿದರು, ಅದರಲ್ಲಿ ನಾಲ್ವರು ಒಂದೇ ಮಂಚದ ಕೆಳಗೆ. ಸಿಕ್ಕವರೆಲ್ಲ ಜಗಲಿಯಲ್ಲಿ ಕೂತರು. ಮಾತಿಗೆ ಮಾತು ಬಂತು. ಹಳೇ ಮೇಷ್ಟ್ರು, ಹಳೇ ಏಟು, ಒಡೆದ ಹೆಂಚು ಯಾರ ತಲೆಗೆ ಬಂದಿತ್ತು, ಹೀಗೆ. ಎಷ್ಟು ಹೊತ್ತಾಯಿತೋ.

ಅಟ್ಟದಿಂದ ಒಂದು ಸೀನು ಕೇಳಿಸಿತು.

ಗುಂಡ ಮುಕ್ಕಾಲು ಗಂಟೆ ಅಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ. ಹಳೇ ಟ್ರಂಕಿನ ಹಿಂದೆ, ಚಿಕ್ಕವನಿದ್ದಾಗ ಅಡಗುತ್ತಿದ್ದ ಅದೇ ಜಾಗದಲ್ಲಿ. ನಮಗೆ ಅವನ ನೆನಪೇ ಹೋಗಿತ್ತು. ಮೈಯೆಲ್ಲ ಜೇಡರ ಬಲೆ ಮಾಡಿಕೊಂಡು ಏಣಿ ಇಳಿದು ಬಂದ. ಒಬ್ಬೊಬ್ಬರ ಮುಂದೆಯೂ ನಿಂತು, ಕಿರುಬೆರಳು ತೋರಿಸಿ, ಹತ್ತು ಜನಕ್ಕೂ ಟೂ ಬಿಟ್ಟ. ಎರಡು ಮಕ್ಕಳ ಅಪ್ಪ!

ಮೇಲಿನಿಂದ ಎರಡನೇ ಮೆಟ್ಟಿಲು, ಮುಖ ಊದಿಸಿಕೊಂಡಿರುವವನು ಅವನೇ. ಇವತ್ತು ಬೆಳಗ್ಗೆ ಗ್ರೂಪಿನಿಂದಲೂ ಹೊರಗೆ ಹೋಗಿದ್ದಾನೆ. ಗುಂಡಾ, ಇದನ್ನ ಓದುತ್ತಿದ್ದರೆ ಪುಟ್ಟಿಗೆ ಫೋನ್ ಮಾಡಿ ಕಾರಣ ಹೇಳಬೇಕಂತೆ.

#ಆಟಕ್ಕುಂಟು_ಲೆಕ್ಕಕ್ಕಿಲ್ಲ