ಶನಿವಾರದ ಬೀಳ್ಕೊಡುಗೆ: ಹಾಡುಗಳ ಸಮಯಪಟ್ಟಿ, ಕೈಕೊಟ್ಟರೆ ಏನು ಮಾಡೋದು

ಎಲ್ಲರಿಗೂ ನಮಸ್ಕಾರ. ಮೇಡಂ 31 ವರ್ಷ ನಮ್ಮ ಲೆಕ್ಕಪತ್ರ ವಿಭಾಗದಲ್ಲಿದ್ದವರು. ಹೋದ ಸಲದ ಬೀಳ್ಕೊಡುಗೆಯಲ್ಲಿ ಭಾಷಣದ ನಡುವೆ ನೆಟ್ ಹೋಯಿತು, ಬಂದ ಮೇಲೆ ಜೋರಾಗಿ ಜಾಹೀರಾತು ಶುರುವಾಯಿತು. ಮಾತಾಡುತ್ತಿದ್ದವರು ಅರ್ಧಕ್ಕೇ ಕೂತುಬಿಟ್ಟರು. ಈ ಸಲ ಹಾಗಾಗಬಾರದು. ಅದಕ್ಕೇ ಒಂದು ಹಾಡನ್ನೂ ನೆಟ್‌ನಿಂದ ನುಡಿಸುವುದಿಲ್ಲ.

ಸಮಯ

3:30 – ಸೌಂಡ್ ಚೆಕ್. ಹಿಂದಿನ ಸಾಲಿನಲ್ಲಿ ಒಬ್ಬರು ಕೂತು ಕೇಳಲೇಬೇಕು.

4:00 – ಜನ ಬರುವ ಹೊತ್ತು. ಫೈಲ್ 01ರಿಂದ 04, ಬರೀ ಕೊಳಲು, ಒಟ್ಟು 22 ನಿಮಿಷ. ಪಕ್ಕದವರ ಜೊತೆ ದನಿ ಏರಿಸದೆ ಮಾತಾಡುವಷ್ಟೇ ಸದ್ದು.

4:20 – ಮೇಡಂ ಬಾಗಿಲಿಗೆ ಬಂದ ತಕ್ಷಣ 05. ಕೊಳಲು ಮುಗಿಯಲಿ ಅಂತ ಕಾಯಬೇಡಿ, ನಿಧಾನಕ್ಕೆ ಇಳಿಸಿ ಇದನ್ನು ಹಾಕಿ. ಅವರು ಕುರ್ಚಿಯಲ್ಲಿ ಕೂತ ಮೇಲೆ ಐದು ಸೆಕೆಂಡಿನಲ್ಲಿ ಸದ್ದು ಇಳಿಯಬೇಕು.

4:22ರಿಂದ 5:00 – ಭಾಷಣಗಳು. ಹಾಡಿಲ್ಲ. ಹಿನ್ನೆಲೆಗೆ ಸುಮ್ನೆ ಏನಾದರೂ ಇರಲಿ ಅಂತ ಇಬ್ಬರು ಕೇಳಿದ್ದರು. ಬೇಡ. ಮೈಕಿನ ಮಾತಿನ ಕೆಳಗೆ ವಾದ್ಯ ಬಂದರೆ ಹಿಂದೆ ಕೂತವರಿಗೆ ಎರಡೂ ಕೇಳಿಸುವುದಿಲ್ಲ.

5:00 – ಫೋಟೊಗಳು, ಫೈಲ್ 06. ಹಾಡು 4 ನಿಮಿಷ 40 ಸೆಕೆಂಡ್, ಅಂದರೆ 280 ಸೆಕೆಂಡ್. ಫೋಟೊ 56, ಒಂದೊಂದಕ್ಕೆ 5 ಸೆಕೆಂಡ್. ಸರಿಯಾಗಿ ಕೂರುತ್ತದೆ. ದಯವಿಟ್ಟು ಇನ್ನು ಫೋಟೊ ಕಳಿಸಬೇಡಿ! ಲೆಜರಿನ ಮೇಲೆ ಪೆನ್ಸಿಲ್ ಇಟ್ಟುಕೊಂಡು ಮೇಡಂ ನಗುತ್ತಿರುವ ಆ ಹಳೆಯ ಫೋಟೊ ಕೊನೆಯದು. ಲೆಕ್ಕ ತಾಳೆಯಾದಾಗಲೆಲ್ಲ ಅವರು ಗುನುಗುತ್ತಿದ್ದ ಹಾಡೇ 06.

5:05 – ಮೇಡಂ ಮಾತು. ಎಷ್ಟು ಹೊತ್ತಾದರೂ ಆಗಲಿ. ಮುಗಿದ ಕೂಡಲೇ ಹಾಡು ಹಾಕಬೇಡಿ. ಚಪ್ಪಾಳೆ ನಿಂತ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನ ಅವರದ್ದು, ಅಲ್ವಾ?

5:20 – ನಮ್ಮವರ ಹಾಡು, ಕರೋಕೆ ಫೈಲ್ 07. ಅಭ್ಯಾಸದಲ್ಲಿ ಚರಣ ಎತ್ತರವಾಯಿತು ಅಂದಿದ್ದರಿಂದ ಶ್ರುತಿ ಎರಡು ಸ್ವರಸ್ಥಾನ ಇಳಿಸಿದ್ದೇನೆ. ಹಳೆಯ ಫೈಲ್ ಅಳಿಸಿಬಿಡಿ.

5:30ರಿಂದ 6:00 – ತಿಂಡಿ, ಗ್ರೂಪ್ ಫೋಟೊ. 08ರಿಂದ 14. ಹೊತ್ತಾಗಿದ್ದರೆ 10, 11, 12 ಬಿಡಿ. 14 ಮಾತ್ರ ಬಿಡಬೇಡಿ, ಅದು ಮೇಡಂ ಹೊರಡುವಾಗಿನದು. ಕಾರ್ಯಕ್ರಮ ಬೇಗ ಮುಗಿದರೆ ತುಂಬಿಸಲು 15ರಿಂದ 17 ಇವೆ.

ಪ್ರತಿಗಳು

ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ್ದನ್ನು ಪ್ರತಿ ಅಂತ ನಾನು ಲೆಕ್ಕ ಹಿಡಿದಿಲ್ಲ. ಅದು ಆ ಆ್ಯಪ್‌ನೊಳಗೆ ಮಾತ್ರ ನುಡಿಯುತ್ತದೆ, ಪೆನ್‌ಡ್ರೈವ್‌ಗೆ ಹಾಕಿದರೆ ಸ್ಪೀಕರ್ ಓದುವುದಿಲ್ಲ. ಹಾಗಾಗಿ ಎಲ್ಲವನ್ನೂ ದುಡ್ಡು ಕೊಟ್ಟು ಎಂಪಿ3 ಫೈಲ್‌ಗಳಾಗಿಯೇ ತೆಗೆದುಕೊಂಡಿದ್ದೇನೆ. 320 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ ಸುಮಾರು 2.4 ಎಂಬಿ; ಎಲ್ಲಾ ಸೇರಿ 250 ಎಂಬಿ ಕೂಡ ಆಗಿಲ್ಲ. ಹೆಸರುಗಳು ಹೀಗಿವೆ:

```
04_kolalu.mp3
05_pravesha.mp3
06_photo.mp3
07_karaoke_minus2.mp3
```

ಮುಂದಿನ ಸೊನ್ನೆ ತೆಗೆಯಬೇಡಿ, ಕೆಲವು ಸ್ಪೀಕರ್‌ಗಳಲ್ಲಿ 1 ಆದ ಮೇಲೆ 10 ಬರುತ್ತದೆ. ಮೂರು ಕಡೆ ಪ್ರತಿ ಇದೆ: ನನ್ನ ಲ್ಯಾಪ್‌ಟಾಪ್, ಸ್ಟೋರ್ಸ್ ವಿಭಾಗದ ಗೆಳೆಯರ ಫೋನ್, ಒಂದು ಪೆನ್‌ಡ್ರೈವ್. ಪೆನ್‌ಡ್ರೈವನ್ನು FAT32ಗೆ ಫಾರ್ಮ್ಯಾಟ್ ಮಾಡಿದ್ದೇನೆ, ಹಾಲ್‌ನ ಸ್ಪೀಕರ್ ಬೇರೆಯದನ್ನು ಓದಲಿಲ್ಲ. ಲ್ಯಾಪ್‌ಟಾಪ್, ಫೋನ್ ಎರಡೂ ಏರೋಪ್ಲೇನ್ ಮೋಡ್‌ನಲ್ಲಿರುತ್ತವೆ. ಇಲ್ಲದಿದ್ದರೆ ರಿಂಗ್‌ಟೋನ್ ಹಾಲ್ ತುಂಬಾ ಕೇಳುತ್ತದೆ.

ಕೈಕೊಟ್ಟರೆ

ಲ್ಯಾಪ್‌ಟಾಪ್ ಹತ್ತು ಸೆಕೆಂಡ್ ಸುಮ್ಮನಾದರೆ ರಿಪೇರಿಗೆ ಕೂರುವುದಿಲ್ಲ. ನಾನು ಕೈ ಎತ್ತುತ್ತೇನೆ, ಗೆಳೆಯರು ಮಿಕ್ಸರಿನ ಎರಡನೇ ಚಾನೆಲ್ ಏರಿಸುತ್ತಾರೆ. ಫೋನ್ ಅಲ್ಲಿಗೆ ಕೇಬಲ್‌ನಲ್ಲಿ ಮೊದಲೇ ಸೇರಿರುತ್ತದೆ. ಬ್ಲೂಟೂತ್ ಬೇಡ, ಜನ ಅಡ್ಡ ನಿಂತರೆ ತುಂಡುತುಂಡಾಗುತ್ತದೆ. ಮಿಕ್ಸರ್ರೇ ಕೆಟ್ಟರೆ ಪೆನ್‌ಡ್ರೈವ್ ನೇರ ಸ್ಪೀಕರ್‌ಗೆ.

ಕರೆಂಟ್ ಹೋದರೆ ವೇದಿಕೆ ಪಕ್ಕದ ಬ್ಯಾಟರಿ ಸ್ಪೀಕರ್, ಅದೇ ಪೆನ್‌ಡ್ರೈವ್. ಅದು ಹಾಲ್ ತುಂಬುವುದಿಲ್ಲ, ಆದರೆ 05 ಮತ್ತು 14ಕ್ಕೆ ಸಾಕು. ಫೋಟೊಗಳನ್ನು ಕರೆಂಟ್ ಬಂದ ಮೇಲೆ ತೋರಿಸೋಣ. 07 ಮಾತ್ರ ನಿಲ್ಲಬಾರದು. ಹಾಡುವವರು ಬರೀ ಗಂಟಲಿನಲ್ಲಿ, ಚಪ್ಪಾಳೆಯ ತಾಳಕ್ಕೆ ಹಾಡಲು ಸಿದ್ಧರಿರಲಿ. ಅಭ್ಯಾಸದಲ್ಲಿ ಒಮ್ಮೆ ಹಾಗೇ ಹಾಡಿದಿರಲ್ಲ, ನನಗೆ ಅದೇ ಜಾಸ್ತಿ ಹಿಡಿಸಿತು. ನಿರೂಪಣೆ ಮಾಡುವವರು ಏನೇ ಆದರೂ “ತಾಂತ್ರಿಕ ತೊಂದರೆ” ಅನ್ನಬೇಡಿ. “ಮೇಡಂ ಜೊತೆ ಕೆಲಸ ಮಾಡಿದ ಒಂದು ದಿನ ಯಾರಾದರೂ ನೆನಪಿಸಿಕೊಳ್ಳಿ” ಅನ್ನಿ. ಮೊದಲು ಏಳಲು ಇಬ್ಬರು ಈಗಾಗಲೇ ಒಪ್ಪಿದ್ದಾರೆ.

ಶುಕ್ರವಾರ 5:30ಕ್ಕೆ ಹಾಲ್‌ನಲ್ಲಿ ಒಂದು ಸಲ ಪೂರ್ತಿ ನುಡಿಸಿ ನೋಡೋಣ. ನಡುವೆ ನಾನೇ ಲ್ಯಾಪ್‌ಟಾಪ್ ಆಫ್ ಮಾಡುತ್ತೇನೆ, ಯಾವಾಗ ಅಂತ ಹೇಳುವುದಿಲ್ಲ. ಕೇಬಲ್ ಎರಡು ಜೊತೆ ನಾನು ತರುತ್ತೇನೆ. ಫೋನ್ ಚಾರ್ಜರ್ ನೀವು ಮರೆಯಬೇಡಿ.