ಮಗನ ಪದೇಪದೇ ಗೈರುಹಾಜರಿ ಕುರಿತು ಪೋಷಕರಿಗೆ ಎಚ್ಚರಿಕೆ ಪತ್ರ

ಮುಖ್ಯ ಶಿಕ್ಷಕರ ಕಚೇರಿ
ಸರ್ಕಾರಿ ಪ್ರೌಢಶಾಲೆ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ
ದಿನಾಂಕ: 2-9-2025

ಗೆ,
ಶ್ರೀ ನಾರಾಯಣಪ್ಪ ಮತ್ತು ಶ್ರೀಮತಿ ಲಕ್ಷ್ಮಮ್ಮ ಅವರಿಗೆ

ವಿಷಯ: 10ನೇ ತರಗತಿ ‘ಬಿ’ ವಿಭಾಗದ ವಿದ್ಯಾರ್ಥಿ ಎನ್. ಮನೋಜನ ಗೈರುಹಾಜರಿ ಬಗ್ಗೆ ಎಚ್ಚರಿಕೆ
ಉಲ್ಲೇಖ: 1-9-2025ರಂದು ಶಾಲೆಯಲ್ಲಿ ತಮ್ಮೊಂದಿಗೆ ನಡೆದ ಮಾತುಕತೆ

ಮಾನ್ಯರೇ,

ನಿನ್ನೆ ತೋಟದ ಕೆಲಸ ಬಿಟ್ಟು ತಾವಿಬ್ಬರೂ ಶಾಲೆಗೆ ಬಂದು ಮಾತಾಡಿದ್ದಕ್ಕೆ ಧನ್ಯವಾದ. ಅಲ್ಲಿ ಒಪ್ಪಿಕೊಂಡದ್ದು ಬಾಯಿಮಾತಿನಲ್ಲೇ ಉಳಿಯಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಶಾಲೆಯ ಎಚ್ಚರಿಕೆ ಪತ್ರವೆಂದೇ ತಿಳಿಯಬೇಕು.

ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಶಾಲೆ ನಡೆದದ್ದು 72 ದಿನ. ಮನೋಜ ಬಂದದ್ದು 47 ದಿನ. ಗೈರಾದ 25 ದಿನಗಳಲ್ಲಿ ಒಂದು ದಿನಕ್ಕೆ ಮಾತ್ರ ಹೊಟ್ಟೆನೋವೆಂದು ರಜಾಚೀಟಿ ಕೊಟ್ಟಿದ್ದಾನೆ. ಉಳಿದವು ಜೂನ್ 16ರಿಂದ 24, ಜುಲೈ 14ರಿಂದ 22, ಆಗಸ್ಟ್ 11ರಿಂದ 20. ಹಾಜರಿ ಪುಸ್ತಕ ನೋಡಿದರೆ ಸಾಕು, ನಿಮ್ಮ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದದ್ದು ಯಾವಾಗ, ಹಣ್ಣಾಗಿ ಚಂದ್ರಿಕೆಗೆ ಬಿಟ್ಟದ್ದು ಯಾವಾಗ ಎಂದು ಹೇಳಬಹುದು!

ಆ ವಾರದಲ್ಲಿ ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಗೂಡು ಕಟ್ಟುವುದಿಲ್ಲ, ಕೂಲಿಯವರು ಸಿಗುವುದೂ ಕಷ್ಟ. ಇದನ್ನು ನಾವು ಬಲ್ಲೆವು. ನಮ್ಮ ಶಾಲೆಯ ಎಷ್ಟೋ ಮಕ್ಕಳ ಮನೆಯ ಕತೆ ಇದೇ. ಮಗ ಮನೆಗೆ ಆಸರೆಯಾಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಪ್ರತಿ ಬೆಳೆಗೂ ಒಂದು ವಾರದ ಪಾಠ ಹೋದರೆ ಹತ್ತನೇ ತರಗತಿ ದಾಟುವುದಾಗದು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲು ಶೇ. 75 ಹಾಜರಾತಿ ಬೇಕು. ಮನೋಜನದು ಈಗ ಶೇ. 65. ಈ ತಿಂಗಳ ಒಂದನೇ ತಾರೀಕಿನಿಂದ 28 ಶಾಲಾದಿನ ಒಂದೂ ತಪ್ಪದೆ ಬಂದರೆ ಶೇ. 75 ಮುಟ್ಟುತ್ತಾನೆ, ಅಷ್ಟೇ. ಅಂಕದ ವಿಷಯವೂ ಇದೆ. ಪ್ರಥಮ ಭಾಷೆಗೆ 25, ಉಳಿದ ಪ್ರತಿ ವಿಷಯಕ್ಕೆ 20 ಆಂತರಿಕ ಅಂಕಗಳು ವರ್ಷವಿಡೀ ಶಾಲೆಯಲ್ಲಿ ಮಾಡುವ ಕೆಲಸಕ್ಕೇ ಸಿಗುವಂಥವು. ಜುಲೈಯ ಮೊದಲ ಕಿರುಪರೀಕ್ಷೆಯಲ್ಲಿ ಮನೋಜ ಗಣಿತ, ವಿಜ್ಞಾನ ಎರಡನ್ನೂ ಬರೆದಿಲ್ಲ. ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಮೊದಲು ಕೈ ಎತ್ತುವ ಹುಡುಗ ಇವನೇ ಎನ್ನುತ್ತಾರೆ. ಅದಕ್ಕೇ ನಮಗೆ ಹೆಚ್ಚು ಸಂಕಟ.

ನಿನ್ನೆ ತಾವೂ ನಾವೂ ಮನೋಜನ ಎದುರಿಗೇ ಒಪ್ಪಿಕೊಂಡದ್ದು ಹೀಗಿದೆ:

ಹುಳು ದೊಡ್ಡದಾದ ವಾರದಲ್ಲಿ ಸೊಪ್ಪು ಕೊಯ್ಯಲು ತಮ್ಮ ಭಾವಮೈದುನರ ಮನೆಯೊಂದಿಗೆ ಮುಯ್ಯಾಳು ಮಾಡಿಕೊಳ್ಳುತ್ತೀರಿ. ಮನೋಜ ಬೆಳಗ್ಗೆ ಎಂಟರೊಳಗೆ, ಸಂಜೆ ಶಾಲೆಯಿಂದ ಬಂದ ಮೇಲೆ ಕೈಲಾದ ಕೆಲಸ ಮಾಡಬಹುದು. ಶಾಲೆಯ ಹೊತ್ತಿನಲ್ಲಿ ಅವನನ್ನು ತೋಟಕ್ಕಾಗಲಿ, ಗೂಡಿನ ಮಾರುಕಟ್ಟೆಗಾಗಲಿ ಕಳಿಸುವಂತಿಲ್ಲ.

ನಿಜಕ್ಕೂ ಬರಲಾಗದ ದಿನ, ಪ್ರಾರ್ಥನೆಗೆ ಮುಂಚೆ ತಾವೇ ತರಗತಿ ಶಿಕ್ಷಕರಿಗೆ ಫೋನ್ ಮಾಡಬೇಕು. ಮನೋಜನೇ ಮಾಡಿದರೆ ಲೆಕ್ಕಕ್ಕಿಲ್ಲ. ಕಾಯಿಲೆ ಮೂರು ದಿನ ಮೀರಿದರೆ ವೈದ್ಯರ ಚೀಟಿ ತರಬೇಕು. ಫೋನ್ ಬಾರದೆ ಅವನೂ ಬಾರದಿದ್ದರೆ ತರಗತಿ ಶಿಕ್ಷಕರು ಅಂದೇ ಹನ್ನೊಂದರೊಳಗೆ ತಮಗೆ ಕರೆ ಮಾಡುತ್ತಾರೆ.

ತಪ್ಪಿಹೋದ ಗಣಿತ, ವಿಜ್ಞಾನದ ಪಾಠಗಳನ್ನು ವಾರಕ್ಕೆ ಮೂರು ಸಂಜೆ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನಮ್ಮ ಶಿಕ್ಷಕರು ಹೇಳಿಕೊಡುತ್ತಾರೆ. ಇದಕ್ಕೆ ಹಣ ಕೊಡಬೇಕಿಲ್ಲ. ಆ ಮೂರು ದಿನ ಸಂಜೆಯ ಸೊಪ್ಪಿಗೆ ಅವನಿಗಾಗಿ ಕಾಯಬೇಡಿ. ಬಿಟ್ಟುಹೋದ ಕಿರುಪರೀಕ್ಷೆಯನ್ನು ಈ ಶನಿವಾರ ಬರೆಸುತ್ತೇವೆ. ಅರ್ಧವಾರ್ಷಿಕ ಪರೀಕ್ಷೆ ದಸರಾ ರಜೆಗೆ ಮುಂಚೆಯೇ ಇದೆ, ಅದನ್ನು ತಪ್ಪಿಸುವಂತಿಲ್ಲ.

ರಜೆ ಮುಗಿದು ಶಾಲೆ ತೆರೆದ ಮೊದಲ ಶನಿವಾರ ಬೆಳಗ್ಗೆ ಹತ್ತಕ್ಕೆ ತಾವಿಬ್ಬರೂ ಮತ್ತೆ ಬರಬೇಕು. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಮಾತಾಡೋಣ.

ಅಷ್ಟರೊಳಗೆ ತಿಳಿಸದೆ ಮೂರು ದಿನ ಗೈರಾದರೆ ಎಸ್‌ಡಿಎಂಸಿ ಅಧ್ಯಕ್ಷರೊಂದಿಗೆ ನಾನೇ ತಮ್ಮ ಮನೆಗೆ ಬರುತ್ತೇನೆ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಲಿಖಿತ ವರದಿ ಹೋಗುತ್ತದೆ. ವರ್ಷದ ಕೊನೆಗೆ ಹಾಜರಾತಿ ಕಡಿಮೆ ಬಿದ್ದರೆ, ಪರೀಕ್ಷೆಗೆ ಕೂರಿಸಿ ಎಂದು ಯಾರಿಂದ ಹೇಳಿಸಿದರೂ ಪ್ರಯೋಜನವಿಲ್ಲ. ಇಲ್ಲದ ಹಾಜರಿಯನ್ನು ನಾನು ಬರೆಯುವುದಿಲ್ಲ.

ಮನೆಯಲ್ಲಿ ಸಾಲ, ಕಾಯಿಲೆ ಮುಂತಾಗಿ ನಿನ್ನೆ ಎಲ್ಲರೆದುರು ಹೇಳಲಾಗದ ತೊಂದರೆ ಏನಾದರೂ ಇದ್ದರೆ ಸಂಜೆ ಐದರ ನಂತರ ನನ್ನನ್ನು ಕಾಣಬಹುದು. ಆ ಮಾತು ನನ್ನಲ್ಲೇ ಇರುತ್ತದೆ.

ಮೂರು ತಿಂಗಳ ಹಾಜರಾತಿಯ ನಕಲನ್ನು ಲಗತ್ತಿಸಿದೆ. ಈ ಪತ್ರದ ಎರಡನೇ ಪ್ರತಿಗೆ ತಾವಿಬ್ಬರೂ ಸಹಿ ಹಾಕಿ, ಗುರುವಾರ 4-9-2025ರೊಳಗೆ ಮನೋಜನ ಕೈಯಲ್ಲಿ ಕಳಿಸಿಕೊಡಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ ಮತ್ತು ಮೊಹರು)
ಮುಖ್ಯ ಶಿಕ್ಷಕರು

ಪ್ರತಿ: 10ನೇ ‘ಬಿ’ ತರಗತಿ ಶಿಕ್ಷಕರಿಗೆ, ಎಸ್‌ಡಿಎಂಸಿ ಅಧ್ಯಕ್ಷರಿಗೆ, ಕಚೇರಿ ಕಡತಕ್ಕೆ