27 ಡಿಸೆಂಬರ್, ಭಾನುವಾರ: 2001ರ ಬ್ಯಾಚ್ ಮತ್ತೆ ಶಾಲೆಗೆ

ಎಲ್ಲರಿಗೂ ನಮಸ್ಕಾರ.

ದಿನ ಗಟ್ಟಿಯಾಯಿತು. ಹತ್ತನೇ ತರಗತಿ ಮುಗಿಸಿ 25 ವರ್ಷವಾದ ಮೇಲೆ ನಾವೆಲ್ಲ ಅದೇ ಶಾಲೆಯಲ್ಲಿ ಸೇರುತ್ತಿದ್ದೇವೆ.

*ದಿನ:* ಭಾನುವಾರ, 27 ಡಿಸೆಂಬರ್ 2026
*ಬಂದು ಸೇರಬೇಕಾದ ಸಮಯ:* ಬೆಳಿಗ್ಗೆ 9.15
*ಕಾರ್ಯಕ್ರಮ ಶುರು:* ಬೆಳಿಗ್ಗೆ 10.00
*ಮುಗಿಯುವುದು:* ಸಂಜೆ 4.00
*ಜಾಗ:* ನಮ್ಮ ಶಾಲೆಯ ಸಭಾಂಗಣ

ಮೊದಲು 26, ಶನಿವಾರ ಅಂತ ಮಾತಾಡಿದ್ದೆವು. ಅವತ್ತು ಸಭಾಂಗಣ ಖಾಲಿ ಇಲ್ಲ, ಹಾಗಾಗಿ ಭಾನುವಾರಕ್ಕೆ ಹಾಕಿದ್ದೇವೆ. ಹಳೇ ಮೆಸೇಜ್ ನೋಡಿ ಟಿಕೆಟ್ ಮಾಡಿಸಿದವರು ದಯವಿಟ್ಟು ಇವತ್ತೇ ಬದಲಾಯಿಸಿಕೊಳ್ಳಿ.

ಎರಡು ಸಮಯ ಯಾಕೆ ಅಂತ ಹೇಳಿಬಿಡುತ್ತೇನೆ. ಹತ್ತು ವರ್ಷದ ಹಿಂದೆ ಸೇರಿದಾಗ ಬರೀ "10 ಗಂಟೆಗೆ" ಅಂತ ಹಾಕಿದ್ದೆವು. ಹೆಚ್ಚಿನವರು ಬಂದಿದ್ದು ಹತ್ತೂವರೆ ದಾಟಿದ ಮೇಲೆ. ಆದರೆ ನಮ್ಮ ಮೇಷ್ಟ್ರುಗಳು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು, ಹಿಂದೆ ಖಾಲಿ ಕುರ್ಚಿಗಳು. ನನಗೆ ಅದು ಇವತ್ತಿಗೂ ಮರೆತಿಲ್ಲ. ಅವರಿಗೆ ಈಗ ಇನ್ನೂ ವಯಸ್ಸಾಗಿದೆ. ಈ ಸಲ ಅವರು ಒಳಗೆ ಕಾಲಿಡುವಾಗ ನಾವೆಲ್ಲ ಎದ್ದು ನಿಂತಿರಬೇಕು, ಅಷ್ಟೇ ನನ್ನ ಆಸೆ.

9.15ಕ್ಕೆ ಬಂದವರು ಬಾಗಿಲ ಹತ್ತಿರದ ಮೇಜಿನಲ್ಲಿ ಹೆಸರು ಬರೆಸಿ ಬ್ಯಾಡ್ಜ್ ತೆಗೆದುಕೊಳ್ಳಿ. ಬ್ಯಾಡ್ಜ್ ಮೇಲೆ ಹೆಸರಿನ ಜೊತೆ ಆಗಿನ ಸೆಕ್ಷನ್ನೂ ಇರುತ್ತದೆ. ಮುಖ ನೋಡಿ ತಕ್ಷಣ ಗುರುತು ಹಿಡಿಯೋದು ಎಲ್ಲರಿಗೂ ಆಗಲ್ಲ ಅಲ್ವಾ? 9.40ಕ್ಕೆ ಮೆಟ್ಟಿಲ ಮೇಲೆ ಗ್ರೂಪ್ ಫೋಟೋ. ಆಮೇಲೆ ಬಂದವರಿಗಾಗಿ ಎರಡನೇ ಸಲ ತೆಗೆಯುವುದಿಲ್ಲ.

ಸರಿಯಾಗಿ 10ಕ್ಕೆ ಶಾಲೆಯ ಗಂಟೆ ಹೊಡೆಯುತ್ತದೆ. ಹೊಡೆಯುವವರು ನಮ್ಮ ಕಾಲದಲ್ಲಿ ಗಂಟೆ ಹೊಡೆಯುತ್ತಿದ್ದ ಅಟೆಂಡರ್ ಅಣ್ಣನೇ. ಕೇಳಿದ ಕೂಡಲೇ ಒಪ್ಪಿಕೊಂಡರು. ನಮ್ಮನ್ನು ಬಿಟ್ಟುಹೋದ ಇಬ್ಬರು ಗೆಳೆಯರಿಗಾಗಿ ಒಂದು ನಿಮಿಷ ಮೌನ. ಅದಾದ ಮೇಲೆ ಹಾಜರಿ. ಆಫೀಸಿನ ಕಪಾಟಿನಲ್ಲಿ 2000-01ರ ಹಾಜರಿ ಪುಸ್ತಕ ಸಿಕ್ಕಿದೆ. ರಟ್ಟು ಕಿತ್ತುಬಂದಿದೆ, ನೀಲಿ ಇಂಕಿನ ಅಕ್ಷರ ಮಾತ್ರ ಹಾಗೇ ಇದೆ. ನಮ್ಮ ಕ್ಲಾಸ್ ಟೀಚರ್ ಅದನ್ನೇ ಹಿಡಿದು ಒಂದೊಂದೇ ಹೆಸರು ಕೂಗುತ್ತಾರೆ. ನಿಮ್ಮ ಹೆಸರು ಬಂದಾಗ "ಪ್ರೆಸೆಂಟ್ ಮೇಡಂ" ಅನ್ನೋಕೆ ನೀವೇ ಅಲ್ಲಿರಬೇಕು.

ಮಧ್ಯಾಹ್ನ ಊಟವಾದ ಮೇಲೆ ಭಾಷಣ ಇಲ್ಲ, ಸುಮ್ನೆ ಕೂತು ಮಾತು. ಮನೆಯವರನ್ನೂ ಕರೆದುಕೊಂಡು ಬನ್ನಿ.

13 ಡಿಸೆಂಬರ್, ಭಾನುವಾರದೊಳಗೆ ಇದೇ ಗ್ರೂಪಿನಲ್ಲಿ "ಬರ್ತೀನಿ" ಅಂತ ಹಾಕಿ, ಜೊತೆಗೆ ಎಷ್ಟು ಜನ ಅಂತಲೂ ಬರೆಯಿರಿ. ಮೆಟ್ಟಿಲು ಹತ್ತಲು ಕಷ್ಟ ಇರುವವರು ನನಗೆ ಬೇರೆಯಾಗಿ ತಿಳಿಸಿ, ಹಿಂದಿನ ಗೇಟ್ ತೆಗೆಸಿರುತ್ತೇವೆ. ಗ್ರೂಪಿನಲ್ಲಿ ಇಲ್ಲದ ಗೆಳೆಯರ ನಂಬರ್ ಯಾರ ಹತ್ತಿರವಾದರೂ ಇದ್ದರೆ ಈ ಮೆಸೇಜ್ ಅವರಿಗೂ ಕಳಿಸಿ. ಹಾಜರಿ ಪುಸ್ತಕದಲ್ಲಿ ಅವರ ಹೆಸರೂ ಇದೆ.